ಗುಂಪಿನಿಂದ ಒಬ್ಬರನ್ನು ಬಿಡಿಸುವ ಕೆಲಸ

“ಇದರಲ್ಲಿ ಇವರೊಬ್ಬರನ್ನು ತೆಗೆದುಬಿಡಿ. ಮಿಕ್ಕವರು ಹಾಗೇ ಇರಲಿ. ಹಿಂದಿನ ಗೋಡೆ, ಪರದೆ ಏನೂ ಬೇಡ.” ಮೈಸೂರಿನ ಫೋಟೊ ಸ್ಟುಡಿಯೊ, ಆಲ್ಬಂ ಡಿಸೈನ್ ಮಾಡುವವರು, ಫ್ಲೆಕ್ಸ್ ಅಂಗಡಿಯವರು ಇಂಥ ಬೇಡಿಕೆಗೆ ಹೊಸಬರಲ್ಲ. ಷಷ್ಟ್ಯಬ್ದಿಯ ಆಮಂತ್ರಣಕ್ಕೆ ಮನೆಯವರಷ್ಟೇ ಇರುವ ಚಿತ್ರ ಬೇಕಾಗಿರುತ್ತದೆ. ದಸರಾ ಶುಭಾಶಯದ ಫ್ಲೆಕ್ಸಿಗೆ ಸಂಘದ ಈಗಿನ ಪದಾಧಿಕಾರಿಗಳು ಮಾತ್ರ ಬೇಕಾಗಿರುತ್ತಾರೆ. ಕೆಲವೊಮ್ಮೆ ಕಾರಣ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ.

ಕೇಳುವವರ ಕಣ್ಣಿಗೆ ಇದು ಒಬ್ಬರನ್ನು ಕತ್ತರಿಸುವ ಕೆಲಸ. ಮಾಡುವವರಿಗೆ ಅದು ಉಳಿದವರನ್ನು ಪೂರ್ತಿ ಮಾಡುವ ಕೆಲಸ. ತೆಗೆದವರ ಹಿಂದೆ ಮುಚ್ಚಿಹೋಗಿದ್ದ ಭುಜ, ಸೆರಗು, ಕೈ ಯಾವುದನ್ನೂ ಕ್ಯಾಮೆರಾ ನೋಡಿರುವುದಿಲ್ಲ. ಆದ್ದರಿಂದ ಒಬ್ಬರು ಹೋದರೆ ಅವರ ಆಕಾರದ ತೂತೊಂದು ಉಳಿಯುತ್ತದೆ.

ಫಿಲ್ಮ್ ಕಾಲದಲ್ಲಿ ಈ ತೂತಿನ ಬಣ್ಣ ಬಿಳಿ. ನೆಗೆಟಿವ್ ಮೇಲೆ ಬೇಡದ ಭಾಗಕ್ಕೆ ಬೆಳಕು ದಾಟದ ಬಣ್ಣವನ್ನು ಸಣ್ಣ ಕುಂಚದಿಂದ ಬಳಿದರೆ ಪ್ರಿಂಟಿನಲ್ಲಿ ಆ ಜಾಗ ಬಿಳಿಯಾಗಿ ಬರುತ್ತಿತ್ತು. ಬೇರೆ ಹಿನ್ನೆಲೆ ಬೇಕೆಂದರೆ ಪ್ರಿಂಟನ್ನೇ ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಮತ್ತೆ ಫೋಟೊ ತೆಗೆಯಬೇಕಿತ್ತು. ಜಗತ್ತಿನಲ್ಲಿ ಹೆಚ್ಚು ಹೆಸರಾದ ಇಂಥ ತಿದ್ದುಪಡಿ ಸೋವಿಯತ್ ದೇಶದ್ದು. ಮಾಸ್ಕೊ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕದಲ್ಲಿದ್ದ ಪೊಲೀಸ್ ಮುಖ್ಯಸ್ಥ ಯೆಜೋವ್ 1940ರಲ್ಲಿ ಮರಣದಂಡನೆಗೆ ಗುರಿಯಾದ. ಆಮೇಲೆ ಚಿತ್ರದಿಂದಲೂ ಮಾಯವಾದ. ಅವನು ನಿಂತಿದ್ದದ್ದು ಗುಂಪಿನ ತುದಿಯಲ್ಲಿ, ಬೆನ್ನ ಹಿಂದೆ ಇದ್ದದ್ದು ನೀರು. ತಿದ್ದಿದವರು ನೀರನ್ನಷ್ಟೇ ಬರೆದರೆ ಸಾಕಾಯಿತು. ನಡುವೆ ನಿಂತಿದ್ದರೆ ಕೆಲಸ ಅಷ್ಟು ಸಲೀಸಾಗುತ್ತಿರಲಿಲ್ಲ.

ನಡುವೆ ನಿಂತವರ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಛತ್ರದಲ್ಲಿ ತೆಗೆದ ಮದುವೆ ಫೋಟೊ. ಮುಂದೆ ಕುರ್ಚಿಯಲ್ಲಿ ಅಜ್ಜ, ಅಜ್ಜಿ. ಹಿಂದೆ ಐದು ಜನ ನಿಂತಿದ್ದಾರೆ. ತೆಗೆಯಬೇಕಾದದ್ದು ಹಿಂದಿನ ಸಾಲಿನ ನಡುವಿನವರನ್ನು. ಅವರ ಒಂದು ಕೈ ಪಕ್ಕದ ಭಾವನ ಹೆಗಲ ಮೇಲಿದೆ. ಇನ್ನೊಂದು ಪಕ್ಕದ ಅತ್ತಿಗೆಯ ರೇಷ್ಮೆ ಸೆರಗು ಇವರ ತೋಳನ್ನು ಸ್ವಲ್ಪ ಮುಚ್ಚಿದೆ.

ಮೌಸ್ ಹಿಡಿಯುವ ಮೊದಲು ನೋಡಬೇಕಾದದ್ದು ಯಾರು ಯಾರ ಮುಂದಿದ್ದಾರೆ ಎಂಬುದನ್ನು. ಸೆರಗು ತೋಳಿನ ಮುಂದಿದೆ, ಆದ್ದರಿಂದ ಆ ಅಂಚು ಅತ್ತಿಗೆಯದು. ಸೆರಗಿನ ಗೆರೆ ಹಿಡಿದು ಕತ್ತರಿಸಿದರೆ ಅವರು ಪೂರ್ತಿಯಾಗಿ ಸಿಗುತ್ತಾರೆ. ಅಜ್ಜ ಅಜ್ಜಿಯ ತಲೆಗಳೂ ಹಾಗೆಯೇ. ಭಾವನ ಕಡೆ ಮಾತ್ರ ಲೆಕ್ಕ ತಲೆಕೆಳಗು: ತೆಗೆಯಬೇಕಾದವರ ಕೈ ಭಾವನ ಮುಂದಿದೆ. ಆ ಕೈ ಹೋದರೆ ಭಾವನ ಹೆಗಲೇ ಹೋಗುತ್ತದೆ. ತೊಂದರೆ ಕೊಡುವ ಜಾಗ ಅದೊಂದೇ ಎಂದು ಮೊದಲೇ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೂಲ ಫೈಲಿನ ಪ್ರತಿ ಮಾಡಿಕೊಂಡೇ ಮುಂದಿನ ಹೆಜ್ಜೆ. ಫೋಟೊಶಾಪ್‌ನಲ್ಲಿ ತೆರೆದ ಚಿತ್ರ Background ಎಂಬ ಹೆಸರಿನ ಬೀಗ ಹಾಕಿದ ಲೇಯರ್ ಆಗಿರುತ್ತದೆ, ಅದಕ್ಕೆ ಪಾರದರ್ಶಕತೆ ಇಲ್ಲ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಸಾಮಾನ್ಯ ಲೇಯರ್ ಆಗಿಸಿಕೊಳ್ಳಬೇಕು. ಉಚಿತವಾಗಿ ಸಿಗುವ ಗಿಂಪ್‌ನಲ್ಲಾದರೆ Add Alpha Channel ಒತ್ತಬೇಕು. ಇದನ್ನು ಮರೆತವರಿಗೆ ಅಳಿಸಿದಲ್ಲೆಲ್ಲ ಬಿಳಿ ಬಣ್ಣ ಕಾಣುತ್ತದೆ. ಸರಿಯಾಗಿದ್ದರೆ ಬೂದು ಬಿಳಿ ಚೌಕಗಳು ಕಾಣುತ್ತವೆ. ಆಲ್ಫಾ ಚಾನೆಲ್ ಅಂದರೆ ಪ್ರತಿ ಪಿಕ್ಸೆಲ್ ಎಷ್ಟು ಕಾಣಬೇಕೆಂದು ಹೇಳುವ ಅಂಕಿ: 0 ಇದ್ದರೆ ಏನೂ ಕಾಣುವುದಿಲ್ಲ, 255 ಇದ್ದರೆ ಪೂರ್ತಿ ಕಾಣುತ್ತದೆ.

ಅಳಿಸುವ ರಬ್ಬರನ್ನು ಕೈಪಳಗಿದವರು ಮುಟ್ಟುವುದಿಲ್ಲ. ಅವರು ಲೇಯರಿಗೆ ಮಾಸ್ಕ್ ಹಾಕುತ್ತಾರೆ. ಮಾಸ್ಕಿನಲ್ಲಿ ಕಪ್ಪು ಬಳಿದ ಜಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಅರೆಬರೆ ಕಾಣಿಸುತ್ತದೆ. ಅಜ್ಜಿಯ ಕಿವಿ ತಪ್ಪಿ ಹೋಗಿದ್ದರೆ ವಾರ ಕಳೆದ ಮೇಲೂ ತರಬಹುದು. ಬಟ್ಟೆ, ಭುಜ, ಕುರ್ಚಿಯ ಅಂಚಿಗೆ ಪೆನ್ ಟೂಲ್. ಗೆರೆ ನಿಜವಾದ ಅಂಚಿನಿಂದ ಒಂದು ಪಿಕ್ಸೆಲ್‌ನಷ್ಟು ಒಳಗೇ ಇರಬೇಕು. ಹೊರಗೆ ಹೋದರೆ ಹಳೆಯ ಪರದೆಯ ಬಣ್ಣ ಅಂಚಿಗೆ ಅಂಟಿಕೊಂಡು ಬರುತ್ತದೆ. ಕೂದಲಿಗೆ ಪೆನ್ ಕೂಡದು, ತಲೆಗೆ ಟೋಪಿ ಹಾಕಿದಂತಾಗುತ್ತದೆ. ಅಲ್ಲಿ ಅಂಚು ಬಿಡಿಸುವ ಬ್ರಷ್ಷಿನಿಂದ ಮೆಲ್ಲಗೆ ಸವರಬೇಕು. ಎಲ್ಲಕ್ಕಿಂತ ಕಷ್ಟ ಬಿಳಿಯ ಮೇಲಿನ ಬಿಳಿ: ಸುಣ್ಣದ ಗೋಡೆಯ ಮುಂದೆ ಮುಡಿದ ಮೈಸೂರು ಮಲ್ಲಿಗೆ, ಅಜ್ಜನ ಪಂಚೆ. ಯಂತ್ರಕ್ಕೆ ಅಲ್ಲಿ ಅಂಚೇ ಕಾಣುವುದಿಲ್ಲ. ಕಣ್ಣಿನ ಅಂದಾಜಿನಲ್ಲಿ ಕೈಯಿಂದಲೇ ಗೆರೆ ಎಳೆಯಬೇಕು.

ಈಗ ಭಾವನ ಹೆಗಲು. ಇನ್ನೊಂದು ಹೆಗಲು ಚೆನ್ನಾಗಿ ಕಾಣುತ್ತಿದ್ದರೆ ಅದನ್ನು ನಕಲು ಮಾಡಿ, ಎಡಬಲ ತಿರುಗಿಸಿ ಕೂರಿಸಬಹುದು. ಆದರೆ ಫ್ಲ್ಯಾಶ್ ಬೆಳಕು ಒಂದು ಪಕ್ಕದಿಂದ ಬಿದ್ದಿದ್ದರೆ ತಿರುಗಿಸಿದ ಹೆಗಲಿನ ನೆರಳು ತಪ್ಪು ಕಡೆ ಬೀಳುತ್ತದೆ. ಅಂಗಿಯ ಜೇಬು, ಗುಂಡಿಗಳೂ ಗುಟ್ಟು ಬಿಟ್ಟುಕೊಡುತ್ತವೆ. ಅಂಗಿ ಒಂದೇ ಬಣ್ಣದ್ದಾದರೆ ಕ್ಲೋನ್ ಟೂಲ್‌ನಿಂದ ಅಕ್ಕಪಕ್ಕದ ಬಟ್ಟೆಯನ್ನೇ ಎಳೆದು ತುಂಬಬಹುದು. ಚೌಕಳಿ ಅಂಗಿಯಾದರೆ ಗೆರೆಗಳು ಕೂಡುವುದಿಲ್ಲ.

ಹಿನ್ನೆಲೆ ಇಲ್ಲದಿರುವುದರ ಲಾಭ ಸಿಗುವುದು ಇಲ್ಲಿ. ಗೋಡೆ, ಪರದೆ ಉಳಿಯಬೇಕಿದ್ದರೆ ತೂತಿನ ಹಿಂದಿನದನ್ನೆಲ್ಲ ಬರೆಯಬೇಕಿತ್ತು. ಈಗ ಭಾವ ನಿಂತ ಕಡೆಯ ಇಬ್ಬರನ್ನು ಒಂದು ಲೇಯರಿಗೂ ಅತ್ತಿಗೆ ಕಡೆಯವರನ್ನು ಇನ್ನೊಂದಕ್ಕೂ ಬೇರ್ಪಡಿಸಿ, ಹತ್ತಿರ ಸರಿಸಿದರೆ ತೂತೇ ಮುಚ್ಚಿಹೋಗುತ್ತದೆ. ಅತ್ತಿಗೆಯ ಸೆರಗು ಭಾವನ ಅಪೂರ್ಣ ಹೆಗಲ ಮೇಲೆ ಬರುವಂತೆ ಕೂರಿಸಿದರೆ ಬರೆಯಬೇಕಾದ ಹೆಗಲೂ ಕಡಿಮೆಯಾಗುತ್ತದೆ. ಮುಂದೆ ಕುಳಿತ ಅಜ್ಜ ಅಜ್ಜಿ ಮೂರನೆಯ ಲೇಯರಿನಲ್ಲಿ, ಎಲ್ಲರ ಮೇಲೆ. ಹಿಂದಿನವರು ಸರಿದಾಗ, ಮೊದಲು ಅಜ್ಜ ಅಜ್ಜಿ ಮರೆಮಾಡಿದ್ದ ಸೊಂಟದ ಭಾಗ ಎಲ್ಲಾದರೂ ಖಾಲಿ ಇಣುಕುತ್ತಿದೆಯೇ ಎಂದು ನೋಡಬೇಕು. ಇಣುಕಿದರೆ ಅಷ್ಟು ಸರಿಸಬಾರದು.

ಮೈಸೂರಿನವರಿಗೆ ಈ ಜಾಣ್ಮೆ ಹೊಸದಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳನ್ನು ಕಲಾವಿದರು ಫೋಟೊಗಳನ್ನು ಇಟ್ಟುಕೊಂಡೇ ಬರೆದರು. ಫೋಟೊದಲ್ಲಿದ್ದವರನ್ನು ಅಲ್ಲಿಂದ ಎತ್ತಿ ಬೇರೊಂದು ಸಾಲಿನಲ್ಲಿ ನಿಲ್ಲಿಸುವಾಗ ಯಾರು ಯಾರ ಮುಂದೆ ಎಂಬ ಪ್ರಶ್ನೆ ಅವರಿಗೂ ಎದುರಾಗಿಯೇ ಇರುತ್ತದೆ.

ಕೆಲಸ ಮುಗಿಯಿತು ಅನ್ನಿಸಿದಾಗ ಕೆಳಗೆ ಒಮ್ಮೆ ಗಾಢ ಕೆಂಪು, ಒಮ್ಮೆ ಕಪ್ಪು ಲೇಯರ್ ಇಟ್ಟು ನೋಡುತ್ತಾರೆ. ಚೌಕಗಳ ಮೇಲೆ ಕಾಣದ ಬಿಳಿ ಅಂಚು, ಅಲ್ಲಲ್ಲಿ ಉಳಿದ ಚುಕ್ಕೆಗಳು ಆಗ ಎದ್ದು ಕಾಣುತ್ತವೆ. ಎರಡನೆಯ ಪರೀಕ್ಷೆ ಕೈ ಎಣಿಸುವುದು. ಹೋದವರ ನಾಲ್ಕು ಬೆರಳು ಯಾರದೋ ಹೆಗಲ ಮೇಲೆ ಉಳಿದುಬಿಡುವುದು, ಉಳಿದವರ ಕೈ ಗಾಳಿಯಲ್ಲಿ ಯಾರನ್ನೋ ತಬ್ಬಿಕೊಂಡಂತೆ ನಿಲ್ಲುವುದು ಈ ಕೆಲಸದಲ್ಲಿ ಆಗುವ ದೊಡ್ಡ ಎಡವಟ್ಟು.

ಉಳಿಸುವಾಗ ಪಿಎನ್‌ಜಿ ಆಗಿಯೇ ಉಳಿಸಬೇಕು. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಖಾಲಿ ಜಾಗಕ್ಕೆಲ್ಲ ಬಣ್ಣ ತುಂಬಿಬಿಡುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೂ ಅದೇ ಗತಿ. ಡಾಕ್ಯುಮೆಂಟ್ ಎಂದು ಕಳಿಸಬೇಕು. ಲೇಯರ್‌ಗಳಿರುವ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಜಾಣತನ, ತೆಗೆದವರನ್ನು ಮತ್ತೆ ಸೇರಿಸಿ ಎನ್ನುವ ಗಿರಾಕಿಗಳೂ ಇರುತ್ತಾರೆ.

ಸ್ಟುಡಿಯೊಗೆ ಹೋಗುವವರು ಒಂದು ಕೆಲಸ ಮಾಡಬಹುದು. ಯಾರಾದರೂ ಕಣ್ಣು ಮುಚ್ಚಿರುತ್ತಾರೆಂದು ಗ್ರೂಪ್ ಫೋಟೊವನ್ನು ಸಾಮಾನ್ಯವಾಗಿ ಎರಡು ಮೂರು ಸಲ ಕ್ಲಿಕ್ಕಿಸಿರುತ್ತಾರೆ. ಆಲ್ಬಂಗೆ ಬಾರದ ಆ ಫೋಟೊಗಳನ್ನೂ ಕೇಳಿ ತನ್ನಿ. ಅವುಗಳಲ್ಲೊಂದರಲ್ಲಿ ಆ ಕೈ ಇನ್ನೂ ಭಾವನ ಹೆಗಲೇರಿರದಿದ್ದರೆ ಹೆಗಲನ್ನು ಬರೆಯುವ ಕೆಲಸವೇ ಇರುವುದಿಲ್ಲ, ಅದೇ ಅಂಗಿ, ಅದೇ ಬೆಳಕಿನ ನಿಜವಾದ ಹೆಗಲೇ ಸಿಗುತ್ತದೆ.