ಡ್ರಾಯಿಂಗ್ ಆಫೀಸಿನ ಲ್ಯಾಪ್‌ಟಾಪ್, ಮನೆಯಲ್ಲಿ ಗೇಮ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಗೆ ಹೋದರೆ ಒಂದು ಜಾತಿಯವು ಬೇರೆಯೇ ಕಾಣುತ್ತವೆ. ಕಪ್ಪು ಇಲ್ಲವೇ ಬೂದು ಬಣ್ಣ, ಇಟ್ಟಿಗೆಯಂಥ ತೂಕ, ಜೊತೆಗೆ ಇನ್ನೊಂದು ಇಟ್ಟಿಗೆಯಂಥ ಚಾರ್ಜರ್. ಥಿಂಕ್‌ಪ್ಯಾಡ್ ಪಿ, ಪ್ರಿಸಿಷನ್, ಝಡ್‌ಬುಕ್ ಎಂಬ ಹೆಸರಿನ ಇವು ಕಂಪನಿಗಳ ಡಿಸೈನ್ ವಿಭಾಗದಲ್ಲಿ ಮೂರ್ನಾಲ್ಕು ವರ್ಷ ದುಡಿದು ಹೊರಬಿದ್ದ ‘ವರ್ಕ್‌ಸ್ಟೇಷನ್’ಗಳು. ಹೊಸದರಲ್ಲಿ ಕೈಗೆಟುಕದ ಬೆಲೆ, ಈಗ ಕಾಲೇಜು ಹುಡುಗರ ಅಳವಿನಲ್ಲಿದೆ.

ಅಂಥ ಅಂಗಡಿಯೊಂದರಿಂದ ಅಕ್ಕನ ಮಗ ಫೋನ್ ಮಾಡಿದ್ದ. ಮೆಕ್ಯಾನಿಕಲ್ ಓದುತ್ತಾನೆ. ಸಾಲಿಡ್‌ವರ್ಕ್ಸ್ ಓಡಬೇಕು, ರಾತ್ರಿ ಆಟವೂ ಓಡಬೇಕು.

“ಮಾವ, ಇದರಲ್ಲಿ ಆರ್‌ಟಿಎಕ್ಸ್ ಎ2000 ಅಂತ ಇದೆ. ಈ ಅಂಗಡಿಯವರು ಇದು ಡಿಸೈನಿಗೆ ಮಾತ್ರ, ಗೇಮ್ ಆಗಲ್ಲ ಅಂತಾರೆ. ಪಕ್ಕದವರು ಗೇಮಿಂಗ್ ಕಾರ್ಡಿಗಿಂತ ಜೋರು ಅಂತಾರೆ. ಯಾರನ್ನ ನಂಬೋದು?”

ಮೊದಲನೆಯವರ ಮಾತು 1997ರಲ್ಲಾಗಿದ್ದರೆ ಸರಿ. ಎರಡನೆಯವರದು ಯಾವ ಕಾಲಕ್ಕೂ ಪೂರ್ತಿ ಸರಿಯಲ್ಲ.

ಆಗ ವಿನ್ಯಾಸದ ಗ್ರಾಫಿಕ್ಸ್ ಮತ್ತು ಆಟದ ಗ್ರಾಫಿಕ್ಸ್ ನಿಜಕ್ಕೂ ಬೇರೆ ಬೇರೆ ಯಂತ್ರಗಳಾಗಿದ್ದವು. ವಿನ್ಯಾಸದ ಲೋಕದ ದೊರೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ. ತೆರೆಯ ಮೇಲೆ ಮೂರು ಆಯಾಮದ ಚಿತ್ರ ಬಿಡಿಸಲು ಪ್ರೋಗ್ರಾಮ್‌ಗಳು ಬಳಸುವ ಓಪನ್‌ಜಿಎಲ್ ಎಂಬ ಭಾಷೆಯನ್ನು 1992ರಲ್ಲಿ ಹೊರತಂದದ್ದು ಅದೇ. ವಿನ್ಯಾಸಗಾರನಿಗೆ ಬೇಕಾದದ್ದು ಮುಖ್ಯವಾಗಿ ಗೆರೆ. ಒಂದು ಎಂಜಿನ್ನಿನ ಸಾವಿರಾರು ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯದೆ ನುಣುಪಾಗಿ ಕಾಣಬೇಕು. ಭಾಗವನ್ನು ಸೀಳಿ ನೋಡಿದಾಗ ಒಳಮೈಗೂ ಬೆಳಕು ಬೀಳಬೇಕು. ಒಂದೇ ತೆರೆಯಲ್ಲಿ ನಾಲ್ಕು ಕಿಟಕಿ ತೆರೆದು ನಾಲ್ಕು ದಿಕ್ಕಿನಿಂದ ನೋಡುವಂತಿರಬೇಕು.

ಆಟಕ್ಕೆ ಇದಾವುದೂ ಬೇಡ. ಆಟವೆಂದರೆ ಬಣ್ಣ ತುಂಬಿದ, ಚಿತ್ರ ಅಂಟಿಸಿದ ತ್ರಿಕೋನಗಳ ರಾಶಿ. 1996ರಲ್ಲಿ ಬಂದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಆ ಒಂದು ಕೆಲಸವನ್ನು ಅದ್ಭುತವಾಗಿ ಮಾಡುತ್ತಿತ್ತು, ಅದೂ ಇಡೀ ತೆರೆಯಲ್ಲಿ ಮಾತ್ರ. ಕಿಟಕಿಯೊಳಗೆ ಬಿಡಿಸಲು ಅದಕ್ಕೆ ಬರುತ್ತಿರಲಿಲ್ಲ. ಮರುವರ್ಷ ‘ಕ್ವೇಕ್’ ಆಟವನ್ನು ಓಪನ್‌ಜಿಎಲ್‌ಗೆ ತಂದಾಗ ವೂಡೂಗಾಗಿ ಬರೆದದ್ದು ಪೂರ್ತಿ ಓಪನ್‌ಜಿಎಲ್ ಅಲ್ಲ, ಆ ಆಟಕ್ಕೆ ಬೇಕಾದಷ್ಟನ್ನೇ ಇಟ್ಟುಕೊಂಡ ‘ಮಿನಿಜಿಎಲ್’. ಆಟದ ಕಾರ್ಡಿನಲ್ಲಿ ವಿನ್ಯಾಸ ಆಗದು, ವಿನ್ಯಾಸದ ಕಾರ್ಡಿನಲ್ಲಿ ದುಡ್ಡಿಗೆ ತಕ್ಕ ಆಟ ಆಗದು ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿ. ಹುಟ್ಟಿದಾಗ ಅದು ನಿಜವೇ ಆಗಿತ್ತು.

ಅದು ಸುಳ್ಳಾಗಲು ಎರಡು ವರ್ಷ ಸಾಕಾಯಿತು. 1999ರಲ್ಲಿ ಎನ್ವಿಡಿಯಾ ಕಂಪನಿ ಜಿಫೋರ್ಸ್ 256 ತಂದಿತು. ವಸ್ತು ತಿರುಗಿದಾಗ ಅದರ ಪ್ರತಿ ಮೂಲೆ ಎಲ್ಲಿಗೆ ಬರುತ್ತದೆ, ಎಷ್ಟು ಬೆಳಕು ಬೀಳುತ್ತದೆ ಎಂಬ ಲೆಕ್ಕವನ್ನು ಅಲ್ಲಿಯವರೆಗೆ ಮನೆಯ ಕಂಪ್ಯೂಟರಿನಲ್ಲಿ ಸಿಪಿಯು ಮಾಡುತ್ತಿತ್ತು. ಅದಕ್ಕೆಂದೇ ಪ್ರತ್ಯೇಕ ಯಂತ್ರಾಂಶ ಇರುತ್ತಿದ್ದದ್ದು ದುಬಾರಿ ವರ್ಕ್‌ಸ್ಟೇಷನ್‌ಗಳಲ್ಲಿ. ಜಿಫೋರ್ಸ್ ಆ ಲೆಕ್ಕವನ್ನು ಆಟದ ಚಿಪ್ಪಿನೊಳಕ್ಕೇ ಎಳೆದುಕೊಂಡಿತು. ಅದರ ಬೆನ್ನಿಗೇ ಅದೇ ಚಿಪ್ಪು ‘ಕ್ವಾಡ್ರೊ’ ಎಂಬ ಹೆಸರು ಹೊತ್ತು, ಹೆಚ್ಚಿನ ಬೆಲೆಗೆ, ವಿನ್ಯಾಸಗಾರರ ಮುಂದೆ ಬಂದು ನಿಂತಿತು.

ಒಂದೇ ಚಿಪ್ಪು ಎನ್ನುವುದು ಗುಟ್ಟಾಗಿ ಉಳಿಯಲಿಲ್ಲ. ‘ನಾನು ಜಿಫೋರ್ಸ್’ ಅಥವಾ ‘ನಾನು ಕ್ವಾಡ್ರೊ’ ಎಂದು ಕಾರ್ಡು ಹೇಳಿಕೊಳ್ಳುತ್ತಿದ್ದದ್ದು ಬೋರ್ಡಿನ ಮೇಲಿನ ಪುಟ್ಟ ರೆಸಿಸ್ಟರ್‌ಗಳ ಜಾಗದಿಂದ. ಸಾಲ್ಡರಿಂಗ್ ಕಡ್ಡಿ ಹಿಡಿದವರು ರೆಸಿಸ್ಟರನ್ನು ಆಚೀಚೆ ಮಾಡಿ ಅಗ್ಗದ ಕಾರ್ಡಿಗೆ ದುಬಾರಿ ಕಾರ್ಡಿನ ಪಟ್ಟ ಕಟ್ಟಿದರು. ಆಮೇಲೆ ಕಡ್ಡಿಯೂ ಬೇಡವಾಯಿತು. ರಿವಾಟ್ಯೂನರ್ ತಂತ್ರಾಂಶದ ಜೊತೆ ಬಂದ ‘ಸಾಫ್ಟ್‌ಕ್ವಾಡ್ರೊ’ ಎಂಬ ತಿದ್ದುಪಡಿ, ಡ್ರೈವರಿನ ಕಣ್ಣಿಗೆ ಮಣ್ಣೆರಚಿ ಅದೇ ಕೆಲಸ ಮಾಡಿತು.

ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಬಹುಪಾಲು ಡ್ರೈವರಿಗೆ. ನುಣುಪು ಗೆರೆಯಂಥ ಸೌಲಭ್ಯಗಳ ಬೀಗವನ್ನು ಡ್ರೈವರ್ ಕ್ವಾಡ್ರೊಗೆ ಮಾತ್ರ ತೆಗೆಯುತ್ತದೆ. ಜೊತೆಗೆ ವಿನ್ಯಾಸ ತಂತ್ರಾಂಶದ ಕಂಪನಿಗಳು ‘ಈ ಕಾರ್ಡ್, ಈ ಡ್ರೈವರ್ ನಮ್ಮಲ್ಲಿ ಪರೀಕ್ಷೆಯಾಗಿದೆ’ ಎಂದು ಕೊಡುವ ಪ್ರಮಾಣಪತ್ರ. ಬೀಗ ಎಷ್ಟು ದೊಡ್ಡದೆಂದು 2017ರಲ್ಲಿ ಕಂಡಿತು. ಟೈಟನ್ ಎಕ್ಸ್‌ಪಿ ಕಾರ್ಡಿಗೆ ಎನ್ವಿಡಿಯಾ ಹೊಸ ಡ್ರೈವರ್ ಬಿಟ್ಟು, ಮಾಯಾದಂಥ ತಂತ್ರಾಂಶದಲ್ಲಿ ಮೂರು ಪಟ್ಟು ವೇಗ ಸಿಗುತ್ತದೆಂದು ತಾನೇ ಹೇಳಿಕೊಂಡಿತು. ಕಾರ್ಡು ಹಳೆಯದೇ!

ಇಲ್ಲಿ ಗಮನಿಸಬೇಕಾದದ್ದು ಬೀಗ ಯಾವ ಕಡೆಗಿದೆ ಎಂಬುದು. ಜಿಫೋರ್ಸ್‌ಗೆ ವಿನ್ಯಾಸದ ಕೆಲವು ಬಾಗಿಲು ಮುಚ್ಚಿವೆ, ಕ್ವಾಡ್ರೊಗೆ ಆಟದ ಬಾಗಿಲು ಯಾರೂ ಮುಚ್ಚಿಲ್ಲ.

ಕ್ವಾಡ್ರೊ ಲ್ಯಾಪ್‌ಟಾಪಿಗೆ ಇಳಿದದ್ದು 2001ರಲ್ಲಿ. 2020ರಿಂದ ಹೊಸ ಕಾರ್ಡುಗಳಿಗೆ ಆ ಹೆಸರನ್ನೇ ಬಿಟ್ಟು ಆರ್‌ಟಿಎಕ್ಸ್ ಎ ಎಂಬ ಸರಣಿ ಶುರುವಾಯಿತು. ಅಕ್ಕನ ಮಗನ ಕೈಯಲ್ಲಿದ್ದ ಎ2000 ಅದೇ ಕುಲದ್ದು, 2021ರದ್ದು. ಇಂಥ ಕಾರ್ಡು ಎದುರಿಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ, ಅದರ ಜಿಫೋರ್ಸ್ ಒಡಹುಟ್ಟು ಯಾವುದೆಂದು ಹುಡುಕುವುದು. ಎ2000ಕ್ಕೆ ಜಿಎ107 ಎಂಬ ಚಿಪ್ಪು, 2560 ಕೂಡಾ ಕೋರ್, 128 ಬಿಟ್ ಅಗಲದ ದಾರಿಯಲ್ಲಿ 4 ಜಿಬಿ ಮೆಮೊರಿ. ಅದೇ ವರ್ಷದ ಆಟದ ಲ್ಯಾಪ್‌ಟಾಪುಗಳಲ್ಲಿದ್ದ ಆರ್‌ಟಿಎಕ್ಸ್ 3050 ಟಿಐಗೆ? ಅದೇ ಚಿಪ್ಪು, ಅದೇ 2560, ಅದೇ 128, ಅದೇ 4. ಅವಳಿಗಳೇ. ಆಟಕ್ಕೆ ಆಸರೆಯಾಗುವ ಡಿಎಲ್‌ಎಸ್‌ಎಸ್ ಕೂಡ ಎರಡರಲ್ಲೂ ಇದೆ. ಆದ್ದರಿಂದ 3050 ಟಿಐ ಮೇಲೆ ಆಟ ಹೇಗೆ ಓಡುತ್ತದೆಂದು ನೋಡಿದರೆ ಎ2000ದ ಅಂದಾಜು ಸಿಕ್ಕಂತೆ. ವರ್ಕ್‌ಸ್ಟೇಷನ್ ಎಂಬ ಹೆಸರು ಮಾತ್ರ ನೋಡಿ ಕೊಂಡವರು ಮೋಸಹೋಗುವುದೂ ಇಲ್ಲೇ. ಕ್ವಾಡ್ರೊ ಪಿ520 ಎಂಬ ಇನ್ನೊಂದು ಕಾರ್ಡಿನ ಒಡಹುಟ್ಟು, ತೆಳು ಲ್ಯಾಪ್‌ಟಾಪುಗಳಲ್ಲಿ ಹೆಸರಿಗಷ್ಟೇ ಇರುತ್ತಿದ್ದ ಎಂಎಕ್ಸ್150. 384 ಕೋರ್, ದಾರಿಯೂ ಅರ್ಧ ಅಗಲ. ಅದರಲ್ಲಿ ದೊಡ್ಡ ಆಟ ಓಡಿಸಲು ಹೋಗಬೇಡಿ.

ಅವಳಿಗಳೆಂದ ಮಾತ್ರಕ್ಕೆ ಒಂದೇ ಊಟ ಸಿಗುತ್ತದೆಂದೇನಿಲ್ಲ. ಲ್ಯಾಪ್‌ಟಾಪ್ ಗ್ರಾಫಿಕ್ಸಿನಲ್ಲಿ ಹೆಸರಿಗಿಂತ ಹೆಚ್ಚು ಮಾತಾಡುವುದು ವ್ಯಾಟ್. ಎ2000ಕ್ಕೆ 35ರಿಂದ 95 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದೆಂದು ಎನ್ವಿಡಿಯಾ ಲ್ಯಾಪ್‌ಟಾಪ್ ತಯಾರಕರಿಗೆ ಬಿಟ್ಟಿದೆ, 3050 ಟಿಐಗೆ 35ರಿಂದ 80. ಇದರ ಪರಿಣಾಮ ಸಣ್ಣದಲ್ಲ. 3050 ಟಿಐ ಚಿಪ್ಪಿನ ಬೂಸ್ಟ್ ವೇಗ, ಕೊಟ್ಟ ವ್ಯಾಟಿಗೆ ತಕ್ಕಂತೆ 1035ರಿಂದ 1695 ಮೆಗಾಹರ್ಟ್ಸ್‌ವರೆಗೆ ಎಂದು ಅವರದೇ ಪಟ್ಟಿ ಹೇಳುತ್ತದೆ. ಒಂದೇ ಹೆಸರು, ಆದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಅಂತರ. ಮೀಟಿಂಗಿಗೆ ಎತ್ತಿಕೊಂಡು ಹೋಗುವಂತೆ ತೆಳ್ಳಗೆ ಮಾಡಿದ ವರ್ಕ್‌ಸ್ಟೇಷನ್ ಕಡಿಮೆ ವ್ಯಾಟಿನ ಕಡೆಗೆ ವಾಲಿರುತ್ತದೆ, ಫ್ಯಾನಿನ ಸದ್ದಿಗೆ ಹೆದರದ ಗೇಮಿಂಗ್ ಲ್ಯಾಪ್‌ಟಾಪ್ ಹೆಚ್ಚಿನ ಕಡೆಗೆ. ಆಟದ ವಿಷಯದಲ್ಲಿ ವರ್ಕ್‌ಸ್ಟೇಷನ್ ಸೋತಾಗೆಲ್ಲ ಕಾರಣ ಸಾಮಾನ್ಯವಾಗಿ ಇದೇ.

ಈ ಲೆಕ್ಕವನ್ನು ಡಬ್ಬಿಯ ಮೇಲೆ ಬರೆದಿರುವುದು ಅಪರೂಪ. ಅಳೆಯುವುದು ಸುಲಭ. ಚಾರ್ಜರ್ ಸಿಕ್ಕಿಸಿ, ಒಂದು ಆಟ ಹಚ್ಚಿ, ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಇದನ್ನು ಕೊಡಿ:

```
nvidia-smi --query-gpu=name,power.draw,clocks.gr,temperature.gpu,memory.used --format=csv -l 2
```

ಎರಡು ಸೆಕೆಂಡಿಗೊಂದು ಸಾಲು ಬೀಳುತ್ತದೆ: ಹೆಸರು, ಎಳೆಯುತ್ತಿರುವ ವ್ಯಾಟ್, ವೇಗ, ಬಿಸಿ, ಬಳಕೆಯಾದ ಮೆಮೊರಿ. ಮೊದಲ ನಿಮಿಷದ ಅಂಕಿ ನಂಬಬೇಡಿ, ಆಗ ಯಂತ್ರ ತಣ್ಣಗಿರುತ್ತದೆ. ಹತ್ತು ಹದಿನೈದು ನಿಮಿಷದ ಮೇಲೆ ನಿಂತ ಅಂಕಿಯೇ ನಿಜವಾದದ್ದು. ವ್ಯಾಟ್ 35ರ ಸುತ್ತ ಅಲುಗದೆ ನಿಂತು, ಬಿಸಿಯೂ ಹದವಾಗಿದ್ದರೆ ತಯಾರಕರು ಕಟ್ಟಿದ ಮಿತಿ ಅದು, ನಿಮ್ಮ ಕೈಯಲ್ಲೇನೂ ಇಲ್ಲ. ವ್ಯಾಟ್ ಮೇಲಿದ್ದದ್ದು ಬಿಸಿ ಏರಿದ ಹಾಗೆ ಕುಸಿದರೆ, ಒಳಗೆ ಮೂರು ವರ್ಷದ ಆಫೀಸಿನ ದೂಳು ತುಂಬಿದೆ ಅಥವಾ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ. ಅದನ್ನು ರಿಪೇರಿಯವರು ಅರ್ಧ ದಿನದಲ್ಲಿ ಸರಿಮಾಡುತ್ತಾರೆ. ವ್ಯಾಟ್ ಏರಲೇ ಇಲ್ಲವೆಂದರೆ ಆಟ ಸಿಪಿಯು ಒಳಗಿನ ಬಡ ಗ್ರಾಫಿಕ್ಸಿನಲ್ಲಿ ಓಡುತ್ತಿರಬಹುದು. ಬ್ಯಾಟರಿ ಉಳಿಸಲು ಎರಡು ಗ್ರಾಫಿಕ್ಸ್ ನಡುವೆ ತಾನಾಗಿಯೇ ಅದಲುಬದಲು ಮಾಡುವ ಏರ್ಪಾಡು 2010ರಿಂದ ಇದೆ, ಒಮ್ಮೊಮ್ಮೆ ಅದು ತಪ್ಪು ಆಳನ್ನು ಕೆಲಸಕ್ಕೆ ಕಳಿಸುತ್ತದೆ. Settings, System, Display, Graphics ಒಳಗೆ ಹೋಗಿ ಆ ಆಟಕ್ಕೆ High performance ಆರಿಸಿದರೆ ಮುಗಿಯಿತು.

ಮೆಮೊರಿಯ ಅಂಕಿಯ ಮೇಲೂ ಕಣ್ಣಿರಲಿ. 4 ಜಿಬಿ ತುಂಬಿ ತುಳುಕಿದಾಗ ಆಟ ನಿಧಾನವಾಗುವುದಷ್ಟೇ ಅಲ್ಲ, ಮುಗ್ಗರಿಸುತ್ತದೆ. ಗೋಡೆ ಮರಗಳ ಚಿತ್ರಗಳನ್ನು ಸಾಧಾರಣ ರ್‍ಯಾಮ್‌ನಿಂದ ಎಳೆದು ತರಬೇಕಾಗಿ, ತಿರುವಿನಲ್ಲಿ ಗಾಡಿ ಜರ್ಕ್ ಹೊಡೆದಂತಾಗುತ್ತದೆ. ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ಮುಗ್ಗರಿಕೆ ಹೋಗುತ್ತದೆ. ಅಂದಹಾಗೆ ಎ2000ದಲ್ಲಿ 8 ಜಿಬಿಯ ಒಂದು ನಮೂನೆಯೂ ಬಂದಿತ್ತು, 3050 ಟಿಐ ಲ್ಯಾಪ್‌ಟಾಪಿಗೆ ಆ ಭಾಗ್ಯ ಇರಲಿಲ್ಲ. ಸಿಕ್ಕರೆ ಬಿಡಬೇಡಿ. ಪಕ್ಕದ ಅಂಗಡಿಯವರ ಮಾತಿನಲ್ಲಿ ನಿಜ ಇದ್ದದ್ದು ಇಷ್ಟೇ.

ವರ್ಕ್‌ಸ್ಟೇಷನ್ ತೆರೆಗಳು ಅನೇಕ ಸಲ 4ಕೆ ಇರುತ್ತವೆ. ವಿನ್ಯಾಸಕ್ಕೆ ಸೊಗಸು, ಆಟಕ್ಕೆ ಹೊರೆ: 3840 ಗುಣಿಸು 2160 ಎಂದರೆ ಸುಮಾರು 83 ಲಕ್ಷ ಚುಕ್ಕಿ, ಸಾಮಾನ್ಯ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕರಷ್ಟು. ಆಟದೊಳಗೆ 1920×1080 ಇಟ್ಟುಕೊಂಡರಾಯಿತು. ಒಂದು ಚುಕ್ಕಿ ನಾಲ್ಕಾಗಿ ಹರಡುವುದರಿಂದ ಚಿತ್ರ ತೀರಾ ಮಸುಕಾಗುವುದಿಲ್ಲ.

ಉಳಿದದ್ದು ಡ್ರೈವರ್. ಜಿಫೋರ್ಸಿಗೆ ಹೊಸ ಆಟ ಬರುವ ಹೊತ್ತಿಗೇ ‘ಗೇಮ್ ರೆಡಿ’ ಡ್ರೈವರ್ ಬರುತ್ತದೆ. ವರ್ಕ್‌ಸ್ಟೇಷನ್ನಿನ ಡ್ರೈವರಿಗೆ ಮೊದಲ ನಿಷ್ಠೆ ಸಾಲಿಡ್‌ವರ್ಕ್ಸ್‌ನಂಥವುಗಳಿಗೆ, ಹಾಗಾಗಿ ಅದು ತಡವಾಗಿ ಬರುತ್ತದೆ. ಹೊಸ ಆಟವನ್ನು ಬಿಡುಗಡೆಯ ದಿನವೇ ಆಡುವವರಿಗೆ ಇದು ಕಿರಿಕಿರಿ, ವರ್ಷ ಹಳೆಯ ಆಟವನ್ನು ಅರ್ಧ ಬೆಲೆಗೆ ಕೊಂಡು ಆಡುವವರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಹುಡುಗ ಎರಡನೇ ಜಾತಿ.

ಆಟಕ್ಕೆಂದೇ ಹೊಸ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಕೊಳ್ಳುವುದು ದಡ್ಡತನ, ಆಟಕ್ಕೆ ಬಾರದ ಪ್ರಮಾಣಪತ್ರಕ್ಕೆ ದುಡ್ಡು ಸುರಿದಂತೆ. ಆದರೆ ಪ್ರಮಾಣಪತ್ರದ ಬೆಲೆಯನ್ನು ಯಾವುದೋ ಕಂಪನಿ ಆಗಲೇ ಕಟ್ಟಿ ಮುಗಿಸಿರುವ ಹಳೇ ಯಂತ್ರ ಬೇರೆ ಮಾತು. ಓದಿಗೂ ಆಟಕ್ಕೂ ಒಂದೇ ಲ್ಯಾಪ್‌ಟಾಪ್ ಬೇಕಾದವರು ಕಣ್ಣುಮುಚ್ಚಿ ಅಲ್ಲ, ಕಣ್ಣುತೆರೆದು ಕೊಳ್ಳಬಹುದು. ಪೆನ್‌ಡ್ರೈವಿನಲ್ಲಿ ಒಂದು ಆಟ ಹಾಕಿಕೊಂಡು ಹೋಗಿ, ಅಂಗಡಿಯ ಮೇಜಿನ ಮೇಲೇ ಹದಿನೈದು ನಿಮಿಷ ಓಡಿಸಿ, ವ್ಯಾಟ್ ನೋಡಿ, ಆಮೇಲೆ ಚೌಕಾಸಿ ಶುರುಮಾಡಿ.