ತಂತಿಯ ಮೇಲೆ ಒಂದೇ ಒಂದು ಭಾರ

ಹಿತ್ತಿಲಲ್ಲಿ ಎರಡು ಕಂಬಗಳ ನಡುವೆ ಹತ್ತು ಮೀಟರ್ ಉದ್ದದ ತಂತಿ ಬಿಗಿದಿದೆ ಎಂದುಕೊಳ್ಳಿ. ಈ ತುದಿಯ ಹತ್ತಿರ ಒದ್ದೆ ಪಂಚೆ, ಆ ತುದಿಯ ಹತ್ತಿರ ಸೀರೆ, ನಡುವೆ ಮಕ್ಕಳ ಅಂಗಿಗಳು. ತಂತಿ ಯಾವ ಜಾಗದಲ್ಲಿ ಎಷ್ಟು ಜೋಲುತ್ತದೆ? ನಾಳೆ ಬಟ್ಟೆಗಳನ್ನು ಬೇರೆ ಕ್ರಮದಲ್ಲಿ ಹರವಿದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕೇ?

ಬೇಕಿಲ್ಲ. ಒಂದೇ ಬಿಂದುವಿನಲ್ಲಿ ಒಂದೇ ಭಾರ ತೂಗುಹಾಕಿದಾಗ ತಂತಿ ತಾಳುವ ಆಕಾರ ಗೊತ್ತಾದರೆ ಸಾಕು, ಉಳಿದದ್ದು ಬರೀ ಕೂಡುವ ಕೆಲಸ. ಆ ಆಕಾರಕ್ಕೆ ಗಣಿತದಲ್ಲಿ ಗ್ರೀನ್ ಫಂಕ್ಷನ್ ಎಂದು ಹೆಸರು.

ತಂತಿಯ ಬಿಗಿತ T, ಜೋಲು u, ಒಂದೊಂದು ಮೀಟರಿನ ಮೇಲೆ ಬೀಳುವ ಭಾರ f ಆದರೆ ಸಮೀಕರಣ ಇಷ್ಟೇ: −T u″ = f. ತಂತಿ ಎಲ್ಲಿ ಬಾಗಿದೆಯೋ ಅಲ್ಲಿ ಭಾರವಿದೆ ಎಂಬುದು ಇದರ ಅರ್ಥ. ಮೇಲಕ್ಕೆ ಎಸೆದ ಚೆಂಡಿನ ಲೆಕ್ಕದಲ್ಲಿ ಬೇಕಾದ ಮಾಹಿತಿಯೆಲ್ಲ ಆರಂಭದ ಕ್ಷಣದಲ್ಲೇ ಸಿಗುತ್ತದೆ. ಇಲ್ಲಿ ಹಾಗಲ್ಲ. ಅರ್ಧ ಮಾಹಿತಿ ಈ ಕಂಬದಲ್ಲಿದೆ, ಇನ್ನರ್ಧ ಆ ಕಂಬದಲ್ಲಿದೆ. ಎರಡೂ ಕಡೆ ಜೋಲು ಸೊನ್ನೆ. ಇಂಥದ್ದನ್ನೇ ಗಡಿ ಮೌಲ್ಯ ಸಮಸ್ಯೆ ಎನ್ನುವುದು. ಮಾಹಿತಿ ಎರಡು ಕಡೆ ಹಂಚಿಹೋಗಿರುವುದರಿಂದಲೇ ನಮಗೆ ಎರಡು ಪರಿಹಾರಗಳು ಬೇಕಾಗುತ್ತವೆ.

ಮೊದಲು ಭಾರವೇ ಇಲ್ಲದ ಸಮೀಕರಣವನ್ನು ನೋಡೋಣ: u″ = 0. ಇದರ ಉತ್ತರಗಳೆಲ್ಲ ನೇರ ಗೆರೆಗಳು. ಅವುಗಳಲ್ಲಿ ಎಡಗಂಬದ ಷರತ್ತನ್ನು ಮಾತ್ರ ಪಾಲಿಸುವ ಒಂದನ್ನು ಆರಿಸಿ: u₁ = x. ಬಲಗಂಬದ ಷರತ್ತನ್ನು ಮಾತ್ರ ಪಾಲಿಸುವ ಇನ್ನೊಂದನ್ನು ಆರಿಸಿ: u₂ = 10 − x. ಎರಡರಲ್ಲಿ ಯಾವುದೂ ಒಂಟಿಯಾಗಿ ನಮ್ಮ ಉತ್ತರವಲ್ಲ, ಏಕೆಂದರೆ ಪ್ರತಿಯೊಂದೂ ಆಚೆಯ ಕಂಬದಲ್ಲಿ ತಪ್ಪುತ್ತದೆ. ಆದರೆ ಎಡದಿಂದ ನಾಲ್ಕನೇ ಮೀಟರಿನಲ್ಲಿ ಒಂದು ಭಾರ ತೂಗಿದೆ ಎನ್ನಿ. ಅದರ ಎಡಕ್ಕೆ ತಂತಿ ಖಾಲಿ, ಬಲಕ್ಕೂ ಖಾಲಿ. ಹಾಗಾಗಿ ಎಡಭಾಗ u₁ನ ಯಾವುದೋ ಒಂದು ಪಟ್ಟು ಆಗಿರಲೇಬೇಕು, ಬಲಭಾಗ u₂ನ ಯಾವುದೋ ಒಂದು ಪಟ್ಟು. ಎಷ್ಟು ಪಟ್ಟು ಎಂಬುದಷ್ಟೇ ತಿಳಿಯಬೇಕು.

ಅದನ್ನು ಭಾರವಿರುವ ಬಿಂದುವೇ ಹೇಳುತ್ತದೆ. ತಂತಿ ತುಂಡಾಗಿಲ್ಲ, ಆದ್ದರಿಂದ ಎರಡೂ ಭಾಗಗಳು ಅಲ್ಲಿ ಒಂದೇ ಎತ್ತರದಲ್ಲಿ ಕೂಡಬೇಕು. ಮತ್ತೆ, ಭಾರವನ್ನು ಎತ್ತಿ ಹಿಡಿದಿರುವುದು ತಂತಿಯ ಎರಡು ಓರೆಗಳೇ. ಎಡದ ಓರೆ ಬಲದ ಓರೆಗೆ ತಿರುಗುವಾಗ ಆಗುವ ಬದಲಾವಣೆ ಸರಿಯಾಗಿ ಭಾರ ಭಾಗಿಸು ಬಿಗಿತದಷ್ಟು ಇರಬೇಕು. ಈ ಎರಡು ಷರತ್ತುಗಳಿಂದ ಸಿಗುವ ಸೂತ್ರ ಇದು, ಇಲ್ಲಿ s ಎಂದರೆ ಭಾರವಿರುವ ಜಾಗ:

G(x, s) = x(10 − s) / 10T, x < s ಆದಾಗ
G(x, s) = s(10 − x) / 10T, x > s ಆದಾಗ

ಬಿಗಿತ 500 ನ್ಯೂಟನ್ ಇರಲಿ, ಭಾರ 10 ನ್ಯೂಟನ್ ಇರಲಿ, ಅಂದರೆ ಸುಮಾರು ಒಂದು ಕಿಲೋ. ಭಾರದ ಕೆಳಗೇ ಜೋಲು 4 × 6 × 10 / 5000, ಅಂದರೆ 4.8 ಸೆಂಟಿಮೀಟರ್. ಎಂಟನೇ ಮೀಟರಿನಲ್ಲಿ 1.6 ಸೆಂಟಿಮೀಟರ್. ಸರಿಯೇ ಎಂದು ತಾಳೆ ನೋಡುವುದು ಸುಲಭ: ಎಡದಲ್ಲಿ ನಾಲ್ಕು ಮೀಟರಿಗೆ 4.8 ಸೆಂಟಿಮೀಟರ್ ಇಳಿತ, ಓರೆ 0.012. ಬಲದಲ್ಲಿ ಆರು ಮೀಟರಿಗೆ ಅಷ್ಟೇ ಏರಿಕೆ, ಓರೆ 0.008. ಕೂಡಿದರೆ 0.02. ಹತ್ತನ್ನು ಐನೂರರಿಂದ ಭಾಗಿಸಿದರೂ 0.02. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಈ ಜಾಗದಲ್ಲೇ. T ಯಿಂದ ಭಾಗಿಸುವುದನ್ನು ಮರೆಯುತ್ತಾರೆ, ಇಲ್ಲವೇ ಚಿಹ್ನೆ ತಿರುವುಮುರುವಾಗಿ ತಂತಿ ಮೇಲಕ್ಕೆ ಬಾಗುತ್ತದೆ. ಓರೆಗಳನ್ನು ಕೂಡಿ ನೋಡಿದರೆ ಎರಡು ತಪ್ಪುಗಳೂ ಸಿಕ್ಕಿಬೀಳುತ್ತವೆ.

ಈಗ ಎಂಟನೇ ಮೀಟರಿನಲ್ಲಿ ಇನ್ನೊಂದು ಕಿಲೋ ತೂಗುಹಾಕಿ. ಅದರಿಂದ ನಾಲ್ಕನೇ ಮೀಟರಿನಲ್ಲಿ ಆಗುವ ಜೋಲು 1.6 ಸೆಂಟಿಮೀಟರ್, ಅಲ್ಲಿ ಒಟ್ಟು 6.4. ಬಟ್ಟೆ ಉದ್ದಕ್ಕೂ ಹರಡಿದ್ದರೆ ಅದನ್ನು ಒತ್ತೊತ್ತಾಗಿ ನಿಂತ ಸಣ್ಣ ಸಣ್ಣ ಭಾರಗಳೆಂದು ಬಗೆದು ಎಲ್ಲವನ್ನೂ ಹೀಗೆಯೇ ಕೂಡುವುದು, ಅದೇ ಅನುಕಲನ. ಮೀಟರಿಗೆ 2 ನ್ಯೂಟನ್‌ನಂತೆ ತುಂಬಿದ ತಂತಿಯ ನಟ್ಟನಡುವೆ ಹೀಗೆ ಬರುವ ಉತ್ತರ 5 ಸೆಂಟಿಮೀಟರ್.

ಒಂದು ಸಂಗತಿಯನ್ನು ಗಮನಿಸಿ. ನಾಲ್ಕರಲ್ಲಿ ಭಾರ ಹಾಕಿ ಎಂಟರಲ್ಲಿ ಅಳೆದಾಗ 1.6, ಎಂಟರಲ್ಲಿ ಹಾಕಿ ನಾಲ್ಕರಲ್ಲಿ ಅಳೆದಾಗಲೂ 1.6. ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದದ್ದು ಇದೇ. ನೋಡುವವನೂ ತೂಗುಹಾಕುವವನೂ ಜಾಗ ಬದಲಿಸಿಕೊಂಡರೆ ತಂತಿಗೆ ಗೊತ್ತೇ ಆಗುವುದಿಲ್ಲ.

ಈ ಯೋಚನೆಯ ಬೇರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಒಂದು ಗಾಳಿಗಿರಣಿಯಲ್ಲಿದೆ. ಜಾರ್ಜ್ ಗ್ರೀನ್ ಬೇಕರಿಯವನ ಮಗ, ಶಾಲೆಗೆ ಹೋಗಿದ್ದು ಸುಮಾರು ಒಂದು ವರ್ಷ, ಹೊಟ್ಟೆಪಾಡಿಗೆ ಅಪ್ಪನ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದ. 1828ರಲ್ಲಿ ಚಂದಾದಾರರ ಹಣದಿಂದ ವಿದ್ಯುತ್ ಮತ್ತು ಕಾಂತತ್ವದ ಬಗ್ಗೆ ಒಂದು ಪ್ರಬಂಧ ಅಚ್ಚು ಹಾಕಿಸಿದ. ಅಲ್ಲಿ ತಂತಿಯಿಲ್ಲ, ವಾಹಕದ ಹತ್ತಿರ ಒಂದು ಬಿಂದುವಿನಲ್ಲಿಟ್ಟ ವಿದ್ಯುದಾವೇಶವಿದೆ. ಎರಡು ಪರಿಹಾರಗಳನ್ನು ಒಂದು ಬಿಂದುವಿನಲ್ಲಿ ಬೆಸೆಯುವ ಈ ಸರಳ ರೂಪ ನಂತರದವರದು. ಗ್ರೀನ್ 1841ರಲ್ಲಿ ತೀರಿಕೊಂಡ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್‌ನ ಕೈಗೆ ಆ ಪ್ರಬಂಧ ಸಿಕ್ಕಿದ್ದು 1845ರಲ್ಲಿ. ಅವನು ಅದನ್ನು ಮತ್ತೆ ಅಚ್ಚು ಮಾಡಿಸಿದ ಮೇಲೆಯೇ ಯುರೋಪಿನ ಗಣಿತಜ್ಞರಿಗೆ ಅದರ ಬೆಲೆ ತಿಳಿಯಿತು.

ಈ ವಿಧಾನ ಕೈಕೊಡುವುದೂ ಉಂಟು. ಸೂತ್ರದ ಕೆಳಗೆ ಕೂತಿರುವ ಆ 10 ಬರೀ ತಂತಿಯ ಉದ್ದವಲ್ಲ. ಅದು u₁u₂′ − u₁′u₂ ಎಂಬ ಮೊತ್ತದ ಗಾತ್ರ. ಇದಕ್ಕೆ ವ್ರಾನ್‌ಸ್ಕಿಯನ್ ಎನ್ನುತ್ತಾರೆ. ಎರಡು ಪರಿಹಾರಗಳು ನಿಜವಾಗಿ ಬೇರೆ ಬೇರೆಯೋ, ಅಥವಾ ಒಂದೇ ಪರಿಹಾರದ ಎರಡು ಪಟ್ಟುಗಳೋ ಎಂಬುದನ್ನು ಇದು ಹೇಳುತ್ತದೆ. ತಂತಿಯ ತುದಿಗಳನ್ನು ಕಂಬಕ್ಕೆ ಕಟ್ಟದೆ, ಕಂಬದ ಮೇಲೆ ಜಾರುವ ಬಳೆಗಳಿಗೆ ಕಟ್ಟಿದಿರಿ ಎನ್ನಿ. ಆಗ ತುದಿಗಳಲ್ಲಿ ಜೋಲಲ್ಲ, ಓರೆ ಸೊನ್ನೆಯಾಗಬೇಕು. ಎಡದ ಷರತ್ತಿಗೆ ಒಪ್ಪುವುದು ಮಟ್ಟಸ ಗೆರೆ, ಬಲದ ಷರತ್ತಿಗೂ ಅದೇ. ವ್ರಾನ್‌ಸ್ಕಿಯನ್ ಸೊನ್ನೆ, ಭಾಗಿಸುವಂತಿಲ್ಲ. ಗಣಿತ ಇಲ್ಲಿ ಹಟ ಹಿಡಿದಿಲ್ಲ: ಹಿಡಿದುಕೊಳ್ಳುವವರಿಲ್ಲದ ತಂತಿಗೆ ಭಾರ ಹಾಕಿದರೆ ಅದು ನೆಲಕ್ಕೆ ಬೀಳುತ್ತದೆ, ನಿಲ್ಲುವ ಆಕಾರವೇ ಅದಕ್ಕಿಲ್ಲ.

ಕಂಪಿಸುವ ತಂತಿಯಲ್ಲೂ ಇದೇ ಕಥೆ. ನಮ್ಮ ತಂತಿ ಮೀಟರಿಗೆ 50 ಗ್ರಾಂ ತೂಗಿದರೆ ಅದರ ಸಹಜ ತೂಗಾಟ ಸೆಕೆಂಡಿಗೆ 5 ಸಲ. ಹೊರಗಿನಿಂದ ಬೇರೆ ಲಯದಲ್ಲಿ ಅಲುಗಾಡಿಸಿದಾಗ ಎರಡು ಪರಿಹಾರಗಳು sin kx ಮತ್ತು sin k(10 − x), ಛೇದದಲ್ಲಿ sin 10k ಬರುತ್ತದೆ. ಸೆಕೆಂಡಿಗೆ 4.9 ಸಲ ಅಲುಗಾಡಿಸಿದರೆ ಅದು ಸುಮಾರು 0.063ಕ್ಕೆ, ಅಂದರೆ ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ, ತೂಗಾಟ ಭಾರಿಯಾಗುತ್ತದೆ. ಸರಿಯಾಗಿ 5 ಆದಾಗ ಎರಡು ಪರಿಹಾರಗಳೂ ಒಂದೇ ಆಗಿಬಿಡುತ್ತವೆ. ಅನುರಣನ ಎಂದು ನಾವು ಕರೆಯುವುದು ಇದನ್ನೇ.

ಇನ್ನೊಂದು ಮಿತಿ ತಂತಿಯದೇ. ಈ ಕೂಡುವ ಲೆಕ್ಕವೆಲ್ಲ ಬಿಗಿತ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಒಂದು ಕಿಲೋಗೆ ತಂತಿ ಹಿಗ್ಗುವುದು ಅರ್ಧ ಮಿಲಿಮೀಟರ್ ಮಾತ್ರ, ಆದ್ದರಿಂದ ನಂಬಿಕೆ ಹೆಚ್ಚುಕಡಿಮೆ ನಿಲ್ಲುತ್ತದೆ. ಹತ್ತು ಕಿಲೋ ಹಾಕಿದರೆ ಹತ್ತು ಪಟ್ಟು ಜೋಲುತ್ತದೆ ಎಂದು ಸೂತ್ರ ಹೇಳಿದರೂ, ನಿಜದ ತಂತಿ ಹಿಗ್ಗುತ್ತ ಬಿಗಿತವನ್ನು ಏರಿಸಿಕೊಂಡು ಅದಕ್ಕಿಂತ ಎಷ್ಟೋ ಕಡಿಮೆ ಜೋಲುತ್ತದೆ.

ನಿಮ್ಮ ಮನೆಯ ತಂತಿಯಲ್ಲಿ ಒಮ್ಮೆ ಮಾಡಿ ನೋಡಿ. ಖಾಲಿ ತಂತಿಯ ಎತ್ತರವನ್ನು ಎರಡು ಜಾಗಗಳಲ್ಲಿ ಗುರುತು ಹಾಕಿಕೊಳ್ಳಿ. ಒಂದು ಜಾಗದಲ್ಲಿ ಲೀಟರ್ ನೀರಿನ ಬಾಟಲಿ ತೂಗುಹಾಕಿ, ಇನ್ನೊಂದರಲ್ಲಿ ಎಷ್ಟು ಇಳಿಯಿತು ಅಳೆಯಿರಿ. ಆಮೇಲೆ ಬಾಟಲಿಯನ್ನೂ ಅಳತೆಪಟ್ಟಿಯನ್ನೂ ಅದಲುಬದಲು ಮಾಡಿ ಮತ್ತೆ ಅಳೆಯಿರಿ.