ಸೆಕೆಂಡಿಗೆ ಎಂಟು ಸಾವಿರ ಚುಕ್ಕಿ

ನನ್ನ ಇನಿಷಿಯಲ್ ‘ಎಸ್’. ಫೋನಿನಲ್ಲಿ ಹೆಸರು ಹೇಳಿದಾಗಲೆಲ್ಲ ಆಚೆ ಕಡೆಯಿಂದ ಒಂದೇ ಪ್ರಶ್ನೆ: ‘ಎಫ್ಫಾ ಸರ್, ಎಸ್ಸಾ?’ ‘ಎಸ್ಸಮ್ಮಾ, ಶುಗರ್ ಎಸ್ಸು’ ಅಂದ ಮೇಲೇ ಸರಿಹೋಗುವುದು. ಒಮ್ಮೆ ಹಾಗೆ ಹೇಳಲು ಮರೆತು ಒಂದು ಕಡೆ ಆರು ತಿಂಗಳು ‘ಎಫ್’ ಆಗಿಯೇ ಉಳಿದುಬಿಟ್ಟಿದ್ದೆ. ಎದುರಿಗೆ ಕೂತು ಹೇಳಿದರೆ ಈ ತಪ್ಪು ಯಾರೂ ಮಾಡುವುದಿಲ್ಲ. ಹಾಗಾದರೆ ನನ್ನ ‘ಸ್’ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿರಬೇಕು.

ಎಲ್ಲಿ ಬಿತ್ತು ಎಂದು ಕೇಳಿದರೆ ಬಹಳ ಮಂದಿ ಹೇಳುವುದು ಹೀಗೆ: ‘ಡಿಜಿಟಲ್ ಮಾಡುವಾಗ ದನಿಯನ್ನು ಅಲ್ಲಲ್ಲಿ ಮಾತ್ರ ಅಳೆಯುತ್ತಾರೆ, ನಡುವಿನದೆಲ್ಲ ಬಿಟ್ಟುಹೋಗುತ್ತದೆ.’ ಕೇಳಲು ನ್ಯಾಯವಾಗಿದೆ. ಆದರೆ ತಪ್ಪು. ನಡುವಿನದು ಬಿಟ್ಟುಹೋಗುವುದೇ ಇಲ್ಲ ಎನ್ನುವುದೇ ಸ್ಯಾಂಪ್ಲಿಂಗ್ ಪ್ರಮೇಯ. ನಷ್ಟ ಆಗುವುದು ಅದಕ್ಕೆ ಮುಂಚೆ ಒಮ್ಮೆ, ಅದರ ನಂತರ ಒಮ್ಮೆ.

ರಂಗೋಲಿಯಿಂದ ಶುರುಮಾಡೋಣ. ಅಂಗಳದಲ್ಲಿ ಚುಕ್ಕಿ ಇಟ್ಟಾಗಿದೆ, ಎಳೆ ಇನ್ನೂ ಎಳೆದಿಲ್ಲ. ಅದೇ ಚುಕ್ಕಿಗಳ ಮೇಲೆ ಅತ್ತೆ ಒಂದು ರಂಗೋಲಿ ಹಾಕುತ್ತಾರೆ, ಸೊಸೆ ಇನ್ನೊಂದು. ಚುಕ್ಕಿ ನೋಡಿ ರಂಗೋಲಿ ಯಾವುದು ಎಂದು ಹೇಳುವುದು ಸಾಧ್ಯವಿಲ್ಲ. ಈಗ ಒಂದು ಕಟ್ಟಳೆ ಹಾಕಿ: ಎಳೆ ಇಂತಿಷ್ಟಕ್ಕಿಂತ ಬೇಗ ಬೇಗ ಬಳುಕಬಾರದು. ಚುಕ್ಕಿಗಳು ಸಾಕಷ್ಟು ಒತ್ತಾಗಿದ್ದರೆ, ಆ ಕಟ್ಟಳೆ ಮೀರದೆ ಅವೆಲ್ಲವನ್ನೂ ಹಾದುಹೋಗುವ ಎಳೆ ಒಂದೇ ಒಂದು ಉಳಿಯುತ್ತದೆ. ಚುಕ್ಕಿಯೇ ರಂಗೋಲಿಯನ್ನು ನಿರ್ಧರಿಸಿಬಿಡುತ್ತದೆ.

ದನಿಯೂ ಅಂಥದೊಂದು ಎಳೆ. ಮೈಕಿನಿಂದ ಹೊರಬರುವ ವೋಲ್ಟೇಜು ಏರುತ್ತ ಇಳಿಯುತ್ತ ಹೋಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಏರಿಳಿಯಿತು ಎನ್ನುವ ಲೆಕ್ಕವೇ ಹರ್ಟ್ಸ್. ದನಿಯಲ್ಲಿರುವ ಅತಿ ವೇಗದ ಕಂಪನ ಎಷ್ಟೋ, ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಸೆಕೆಂಡಿಗೆ ಅಳೆದರೆ ಆ ಅಳತೆಗಳಿಂದಲೇ ಮೂಲ ಎಳೆಯನ್ನು ಪೂರ್ತಿಯಾಗಿ ಮತ್ತೆ ಎಳೆಯಬಹುದು. ‘ಸುಮಾರಾಗಿ’ ಅಲ್ಲ, ಪೂರ್ತಿಯಾಗಿ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫಿನ ಲೆಕ್ಕ ಮಾಡುತ್ತ ಈ ಎರಡು ಪಟ್ಟಿನ ಹತ್ತಿರ ಬಂದಿದ್ದರು. ರಷ್ಯದಲ್ಲಿ ಕೊಟೆಲ್ನಿಕೊವ್ 1933ರಲ್ಲಿ ಬರೆದರು. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಎಲ್ಲರೂ ಬಳಸುವ ರೂಪಕ್ಕೆ ತಂದರು.

ಅಳತೆ ಕಡಿಮೆಯಾದರೆ ಏನಾಗುತ್ತದೆ? ಸಿನಿಮಾದಲ್ಲಿ ರಥ ಮುಂದಕ್ಕೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿದ್ದೀರಿ. ಅದೇ ಕಥೆ ಇಲ್ಲಿಯದೂ. ಟೆಲಿಫೋನಿನಲ್ಲಿ ಅಳೆಯುವುದು ಸೆಕೆಂಡಿಗೆ 8000 ಸಲ. 5000 ಹರ್ಟ್ಸಿನ ಒಂದು ಸೀಟಿ ಬಂತು ಅನ್ನಿ. ಅದನ್ನು ಅಂಚಿನಲ್ಲಿ ಒಂದು ಕೆಂಪು ಬೊಟ್ಟಿರುವ, ಸೆಕೆಂಡಿಗೆ 5000 ಸುತ್ತು ತಿರುಗುವ ಚಕ್ರ ಎಂದುಕೊಳ್ಳಿ. ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಬೊಟ್ಟು ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ, ಅಂದರೆ ಎಂಟರಲ್ಲಿ ಐದು ಪಾಲು ಮುಂದೆ ಹೋಗಿರುತ್ತದೆ. ಆದರೆ ಎಂಟರಲ್ಲಿ ಮೂರು ಪಾಲು ಹಿಂದಕ್ಕೆ ಹೋಗಿದ್ದರೂ ಅದು ಅದೇ ಜಾಗದಲ್ಲಿರುತ್ತಿತ್ತು. ನೋಡುವವನಿಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಎಂಟರಲ್ಲಿ ಮೂರು ಪಾಲು, ಸೆಕೆಂಡಿಗೆ 8000 ಸಲ ಎಂದರೆ 3000 ಸುತ್ತು. ಹೀಗೆ 5000 ಹರ್ಟ್ಸಿನ ಸೀಟಿ ಆಚೆ ಕಡೆ 3000 ಹರ್ಟ್ಸಿನ ಸೀಟಿಯಾಗಿ ಕೇಳುತ್ತದೆ. ವೇಷ ಹಾಕಿ ಬಂದ ಈ ಸದ್ದು ಮಾತಿನ ನಡುವೆಯೇ ಬಂದು ಕೂರುತ್ತದೆ. ಒಮ್ಮೆ ಅಳತೆಯಾದ ಮೇಲೆ ಇದು ಅಸಲಿ 3000, ಇದು ವೇಷದ 3000 ಎಂದು ಬೇರ್ಪಡಿಸುವ ಯಂತ್ರ ಯಾವುದೂ ಇಲ್ಲ. ಇಂಥ ಸರ್ಕೀಟನ್ನು ಗುರುತಿಸುವುದು ಸುಲಭ. ಒಳಗೆ ಹೋಗುವ ಸೀಟಿಯನ್ನು 4000 ದಾಟಿಸಿ ಏರಿಸುತ್ತ ಹೋದಂತೆ ಹೊರಬರುವ ಸೀಟಿ ಇಳಿಯುತ್ತ ಬಂದರೆ, ತಪ್ಪು ಇದೇ.

ಮದ್ದು ಒಂದೇ, ವೇಷ ಹಾಕುವವರನ್ನು ಬಾಗಿಲಲ್ಲೇ ತಡೆಯುವುದು. ಅಳತೆಗೆ ಮುಂಚೆ ಒಂದು ಫಿಲ್ಟರ್ ಕೂರಿಸಿ 3400 ಹರ್ಟ್ಸಿನ ಮೇಲಿನದನ್ನೆಲ್ಲ ಸೋಸಿ ತೆಗೆಯುತ್ತಾರೆ. 4000 ತನಕ ಬಿಡಬಹುದಲ್ಲ ಎಂದರೆ, ಸರಿಯಾಗಿ 4000ದ ಎಳೆ ಅಳತೆಗೆ ಸಿಕ್ಕುವಾಗ ಪ್ರತಿ ಸಲವೂ ಸೊನ್ನೆಯಲ್ಲೇ ಇರಬಹುದು, ಆಗ ಅದು ಇತ್ತೆಂದೇ ತಿಳಿಯುವುದಿಲ್ಲ. ಅದೂ ಅಲ್ಲದೆ ಫಿಲ್ಟರ್ ಕತ್ತಿಯಂತೆ ನೇರ ಕತ್ತರಿಸುವುದಿಲ್ಲ, ಇಳಿಜಾರಾಗಿ ಕಡಿಮೆ ಮಾಡುತ್ತ ಹೋಗುತ್ತದೆ. ಆ ಇಳಿಜಾರಿಗೆ ಬಿಟ್ಟ ಜಾಗವೇ 3400ರಿಂದ ಮೇಲಿನದು.

ನನ್ನ ‘ಎಸ್’ ಬಿದ್ದದ್ದು ಇಲ್ಲಿ. ‘ಎಸ್’ ಮತ್ತು ‘ಎಫ್’ ಎರಡಕ್ಕೂ ಮೊದಲಿಗೆ ಬರುವ ‘ಎ’ ಒಂದೇ. ಬೇರೆ ಮಾಡುವುದು ಕೊನೆಯ ಸುಯ್ ಎನ್ನುವ ಸದ್ದು. ‘ಸ್’ನ ಬಲವೆಲ್ಲ ಇರುವುದು ಹೆಚ್ಚಾಗಿ 4000 ಹರ್ಟ್ಸಿನ ಮೇಲೆ. ಅದನ್ನು ಸೋಸಿದರೆ ಉಳಿಯುವ ಸಣ್ಣ ಗಾಳಿಗೂ ‘ಫ್’ ಎನ್ನುವ ಗಾಳಿಗೂ ಹೆಚ್ಚು ಅಂತರವಿಲ್ಲ. ಕೆಳಗಡೆಯೂ ಒಂದು ಕತ್ತರಿ ಇದೆ: 300ಕ್ಕಿಂತ ಕಡಿಮೆ ಇರುವುದನ್ನೂ ಬಿಡುವುದಿಲ್ಲ. ಗಂಡಸಿನ ದನಿಯ ಮೂಲ ಶ್ರುತಿ ಸಾಮಾನ್ಯವಾಗಿ 100ರಿಂದ 150ರ ಒಳಗೆ, ಅಂದರೆ ಅದು ಫೋನಿನಲ್ಲಿ ಬರುವುದೇ ಇಲ್ಲ. ಆದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತದೆ. ಮೇಲಿನ ಸ್ವರಗಳ ನಡುವಿನ ಅಂತರ ನೋಡಿ ಮಿದುಳು ಇಲ್ಲದ ಶ್ರುತಿಯನ್ನು ತಾನೇ ಊಹಿಸಿಕೊಳ್ಳುತ್ತದೆ.

ಇನ್ನು ಎರಡನೆಯ ನಷ್ಟ. ಚುಕ್ಕಿ ಎಲ್ಲಿದೆ ಎಂದು ಸಂಖ್ಯೆಯಲ್ಲಿ ಬರೆಯಬೇಕು. ಟೆಲಿಫೋನಿನಲ್ಲಿ ಪ್ರತಿ ಅಳತೆಗೂ 8 ಬಿಟ್, ಅಂದರೆ 256 ಗುರುತುಗಳ ಅಳತೆಪಟ್ಟಿ. ಎರಡು ಗುರುತಿನ ನಡುವೆ ಬಿದ್ದ ಚುಕ್ಕಿಯನ್ನು ಹತ್ತಿರದ ಗುರುತಿಗೆ ಸರಿಸಬೇಕಾಗುತ್ತದೆ. ಆ ಸರಿಸಿದ ತಪ್ಪೇ ಸಣ್ಣ ಗರಗರ ಸದ್ದಾಗಿ ಕೇಳಿಸುವುದು.

ಗುರುತುಗಳನ್ನು ಸಮಾನ ಅಂತರದಲ್ಲಿ ಹಾಕಿದರೆ ತೊಂದರೆಯಿದೆ. ಅತಿ ಜೋರಿನ ದನಿ ಒಂದು ವೋಲ್ಟ್ ಮೇಲೆ, ಒಂದು ವೋಲ್ಟ್ ಕೆಳಗೆ ಹೋಗುತ್ತದೆ ಎಂದುಕೊಳ್ಳಿ. ಒಟ್ಟು ಎರಡು ವೋಲ್ಟನ್ನು 256ರಿಂದ ಭಾಗಿಸಿದರೆ ಒಂದು ಮೆಟ್ಟಿಲು ಸುಮಾರು 7.8 ಮಿಲಿವೋಲ್ಟ್. ಪಿಸುಮಾತಿನ ದನಿ 20 ಮಿಲಿವೋಲ್ಟ್ ಮೇಲೆ ಕೆಳಗೆ ಆಡಿದರೆ ಅದಕ್ಕೆ ಸಿಗುವುದು ಐದೇ ಮೆಟ್ಟಿಲು. ಐದು ಮೆಟ್ಟಿಲಿನಲ್ಲಿ ದನಿ ಏರಿಳಿದರೆ ಮಾತಿಗಿಂತ ಗರಗರವೇ ಹೆಚ್ಚು.

ಚಿನ್ನದಂಗಡಿಯವನು ಮಿಲಿಗ್ರಾಮಿನಲ್ಲಿ ತೂಗುತ್ತಾನೆ, ಭತ್ತದ ಮಂಡಿಯವನು ಕಿಲೋದಲ್ಲಿ. ಇಬ್ಬರೂ ಸರಿಯೇ. ಟೆಲಿಫೋನಿನವರು ಒಂದೇ ಪಟ್ಟಿಯಲ್ಲಿ ಎರಡನ್ನೂ ಸೇರಿಸಿದರು: ಸೊನ್ನೆಯ ಹತ್ತಿರ ಗುರುತು ದಟ್ಟ, ಮೇಲೆ ಹೋದಂತೆ ವಿರಳ. ಭಾರತದಲ್ಲೂ ಯೂರೋಪಿನಲ್ಲೂ ಬಳಕೆಯಲ್ಲಿರುವ ಎ-ಲಾ ಎಂಬ ಪಟ್ಟಿಯಲ್ಲಿ ಅತಿ ಸಣ್ಣ ಮೆಟ್ಟಿಲು ಸುಮಾರು ಅರ್ಧ ಮಿಲಿವೋಲ್ಟ್, ತುತ್ತತುದಿಯಲ್ಲಿ 31 ಮಿಲಿವೋಲ್ಟ್. ಅದೇ ಪಿಸುಮಾತಿಗೆ ಈಗ ಸುಮಾರು 70 ಮೆಟ್ಟಿಲು ಸಿಗುತ್ತದೆ. ಜೋರು ದನಿಯಲ್ಲಿ ತಪ್ಪು ದೊಡ್ಡದೇ, ಆದರೆ ಆ ದನಿಯ ಅಬ್ಬರದಲ್ಲಿ ಅದು ಮುಚ್ಚಿಹೋಗುತ್ತದೆ. ಬಿಟ್ ಒಂದೂ ಹೆಚ್ಚಾಗಲಿಲ್ಲ. ಇಡೀ ಟೆಲಿಫೋನ್ ಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಣತನ ಇದು.

ಈಗ ಲೆಕ್ಕ. ಸೆಕೆಂಡಿಗೆ 8000 ಅಳತೆ, ಒಂದೊಂದಕ್ಕೂ 8 ಬಿಟ್:

8000 × 8 = 64,000 ಬಿಟ್

ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್. ಕೇಳುವ ದಿಕ್ಕಿಗೆ ಇನ್ನೊಂದು 64. ಮಾತಾಡದೆ ಸುಮ್ಮನಿದ್ದರೂ ಇಷ್ಟೇ, ಮೌನದ ಬಿಟ್ಟುಗಳೂ ಹರಿಯುತ್ತಲೇ ಇರುತ್ತವೆ. 8 ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ 8000 ಬೈಟ್, ಮೂರು ನಿಮಿಷಕ್ಕೆ:

8000 × 180 = 14,40,000 ಬೈಟ್

ಹಳೇ ಟ್ರಂಕ್ ಕಾಲಿನ ಕಾಲದವರಿಗೆ ಮೂರು ನಿಮಿಷ ಎಂದರೆ ಗೊತ್ತು. ಅಷ್ಟು ಹೊತ್ತಿನ ಒಬ್ಬರ ಮಾತು, 1.44 ಎಂಬಿ ಫ್ಲಾಪಿಯಲ್ಲಿ ಅಳೆದು ಕತ್ತರಿಸಿದಂತೆ ಕೂರುತ್ತದೆ. ಕಾಕತಾಳೀಯ, ಅಷ್ಟೇ.

ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಒಂದೊಂದು ಮಾತಿಗೂ ಒಂದೊಂದು ತಂತಿ ಎಳೆಯುವುದಿಲ್ಲ. ಎರಡು ಅಳತೆಗಳ ನಡುವಿನ ಬಿಡುವು ಸೆಕೆಂಡಿನ 8000ದಲ್ಲಿ ಒಂದು ಪಾಲು, ಅಂದರೆ 125 ಮೈಕ್ರೋಸೆಕೆಂಡ್. ಆ ಬಿಡುವಿನಲ್ಲಿ ಬೇರೆಯವರ ಅಳತೆಗಳನ್ನು ಸಾಲಾಗಿ ಕಳಿಸುತ್ತಾರೆ. ಭಾರತದ ಪದ್ಧತಿಯಲ್ಲಿ 32 ಮನೆಗಳ ಸಾಲು. ಮೂವತ್ತರಲ್ಲಿ ಮಾತು, ಒಂದು ಸಾಲು ಎಲ್ಲಿ ಶುರುವಾಯಿತು ಎಂದು ತಿಳಿಸಲು, ಇನ್ನೊಂದು ನಂಬರು ಡಯಲ್ ಮಾಡಿದ್ದು, ರಿಸೀವರ್ ಇಟ್ಟದ್ದು ಮುಂತಾದ ಸುದ್ದಿಗೆ.

64,000 × 32 = 20,48,000 ಬಿಟ್

ಇಂಜಿನಿಯರುಗಳು ‘2 ಎಂಬಿ’ ಎಂದು ಕರೆಯುವ ಸಾಲು ಇದೇ. ಸಾಲಿನ ಶುರು ಗುರುತಿಸುವುದು ತಪ್ಪಿತೋ, ಮೂವತ್ತು ಜನರ ಮಾತೂ ಒಟ್ಟಿಗೆ ಕೆಡುತ್ತದೆ. ಯಾರೋ ಒಬ್ಬರ ಲೈನು ಮಾತ್ರ ಕೆಟ್ಟಿದ್ದರೆ ದೋಷ ಇಲ್ಲಿಯದಲ್ಲ.

ದನಿಯನ್ನು ಸಂಖ್ಯೆ ಮಾಡುವ ಈ ಯೋಚನೆ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರಿಗೆ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುವಾಗ ಹೊಳೆದದ್ದು, 1937ರಲ್ಲಿ. ಕಾಲಕ್ಕಿಂತ ಮುಂಚೆ ಬಂದ ಯೋಚನೆ. ವಾಲ್ವುಗಳಿಂದ ಅದನ್ನು ಕಟ್ಟುವುದು ದುಬಾರಿಯಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ 1962ರಲ್ಲಿ ಅಮೆರಿಕದ ಬೆಲ್ ಕಂಪನಿ 24 ಮಾತುಗಳ ಸಾಲನ್ನು ಬಳಕೆಗೆ ತಂದಿತು. ನಮ್ಮಲ್ಲಿ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಸಣ್ಣ ಡಿಜಿಟಲ್ ಎಕ್ಸ್‌ಚೇಂಜ್ ಕಟ್ಟಿತು. ಅದರ ಮೊದಲನೆಯದು 1986ರಲ್ಲಿ ಕೆಲಸ ಶುರುಮಾಡಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಇವತ್ತಿನ ಮೊಬೈಲು 64 ಕಿಲೋಬಿಟ್ ಖರ್ಚು ಮಾಡುವುದಿಲ್ಲ. ಅದು ಚುಕ್ಕಿಗಳನ್ನೇ ಕಳಿಸುವ ಬದಲು, ಗಂಟಲು ಬಾಯಿ ಆ ಕ್ಷಣದಲ್ಲಿ ಯಾವ ಆಕಾರದಲ್ಲಿದ್ದರೆ ಇಂಥ ಸದ್ದು ಬಂದೀತು ಎಂದು ಲೆಕ್ಕಹಾಕಿ ಆ ಲೆಕ್ಕವನ್ನು ಕಳಿಸುತ್ತದೆ. ವೋಲ್ಟೀ ಕರೆಗಳಲ್ಲಿ ಅಳತೆಯೂ ಸೆಕೆಂಡಿಗೆ 16,000ಕ್ಕೆ ಏರಿದೆ, ಫಿಲ್ಟರಿನ ಬಾಗಿಲು 7000 ಹರ್ಟ್ಸ್ ತನಕ ತೆರೆದಿದೆ, ‘ಸ್’ ಒಳಗೆ ಬರುತ್ತದೆ. ಆದರೆ ಎರಡೂ ತುದಿಯಲ್ಲಿ ಅಂಥ ಫೋನು ಇರಬೇಕು, ನಡುವಿನ ದಾರಿಯೂ ಅದಕ್ಕೆ ಒಪ್ಪಬೇಕು. ಒಂದು ತುದಿ ಹಳೇ ಲ್ಯಾಂಡ್‌ಲೈನ್ ಆದರೆ ಕರೆ ಮತ್ತೆ 8000ಕ್ಕೆ ಇಳಿಯುತ್ತದೆ.

ನೀವೇ ನೋಡಬಹುದು. ಗೆಳೆಯರೊಬ್ಬರಿಗೆ ಅವರ ಮೊಬೈಲಿಗೊಮ್ಮೆ, ಲ್ಯಾಂಡ್‌ಲೈನಿಗೊಮ್ಮೆ ಫೋನ್ ಮಾಡಿ ‘ಎಸ್, ಎಫ್, ಎಫ್, ಎಸ್’ ಎಂದು ಹಿಂದೆ ಮುಂದೆ ಮಾಡಿ ಹತ್ತು ಸಲ ಹೇಳಿ, ಅವರು ಬರೆದುಕೊಳ್ಳಲಿ. ಎರಡು ಚೀಟಿಗಳನ್ನು ಪಕ್ಕ ಪಕ್ಕ ಇಟ್ಟು ಎಣಿಸಿ.